‘ಡೇಟಾನ ರ್ಯಾಂಡಮ್ ಆಗಿ ಒಡೆದೆ ಸರ್’ ಅಂದಮೇಲೆ ಬರೋ ಪ್ರಶ್ನೆಗಳು

ಎಂ.ಟೆಕ್ ವೈವಾದಲ್ಲಿ ಎಕ್ಸ್‌ಟರ್ನಲ್ ನಮ್ಮ ಮಾಡೆಲ್ ಬಗ್ಗೆ ಕೇಳ್ತಾರೆ ಅಂತ ನಾವು ರಾತ್ರಿಯೆಲ್ಲ ಲೇಯರ್‌ಗಳನ್ನ ಬಾಯಿಪಾಠ ಮಾಡಿರ್ತೀವಿ. ಅವರು ಕೇಳೋದು ಎಷ್ಟೋ ಸಲ ಅದಕ್ಕಿಂತ ಹಿಂದಿನ ಹಂತದ್ದು. ಮೆಕ್ಯಾನಿಕಲ್‌ನವರೂ ಇಲೆಕ್ಟ್ರಾನಿಕ್ಸ್‌ನವರೂ ಪದೇ ಪದೇ ಎತ್ತಿಕೊಳ್ಳೋ ಒಂದು ವಿಷಯ ಇಟ್ಕೊಂಡು ನೋಡೋಣ: ಬೇರಿಂಗ್ ಹಾಳಾಗಿದೆಯಾ ಅಂತ ಕಂಪನದ ಸಿಗ್ನಲ್‌ನಿಂದ ಕಂಡುಹಿಡಿಯೋದು. ಇದಕ್ಕೆ ಹೆಚ್ಚಿನವರು ಬಳಸೋದು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ಯೂನಿವರ್ಸಿಟಿಯ ಡೇಟಾ. 2 ಎಚ್‌ಪಿ ಮೋಟರಿನ ಬೇರಿಂಗ್‌ನಲ್ಲಿ ಬೇಕಂತಲೇ 0.007, 0.014, 0.021 ಇಂಚಿನ ಗುಳಿ ಮಾಡಿ, 0ಯಿಂದ 3 ಎಚ್‌ಪಿವರೆಗಿನ ನಾಲ್ಕು ಲೋಡ್‌ಗಳಲ್ಲಿ ರೆಕಾರ್ಡ್ ಮಾಡಿದ್ದು.

ನಮ್ಮ ವಿದ್ಯಾರ್ಥಿನಿ ಒಬ್ಬಳು 12 ಕಿಲೋಹರ್ಟ್ಜ್‌ನ ರೆಕಾರ್ಡಿಂಗ್‌ಗಳನ್ನ 1024 ಪಾಯಿಂಟ್‌ಗಳ ತುಂಡು ಮಾಡಿ, ಪಕ್ಕಪಕ್ಕದ ತುಂಡುಗಳು ಅರ್ಧರ್ಧ ಒಂದರ ಮೇಲೊಂದು ಬರೋ ಹಾಗೆ ಇಟ್ಟು, ಎಲ್ಲವನ್ನೂ ಕಲಸಿ 80-20 ಒಡೆದಿದ್ದಾಳೆ ಅಂದ್ಕೊಳ್ಳಿ. ಅಕ್ಯುರಸಿ ಶೇ. 99ಕ್ಕೂ ಮೇಲೆ. ಗೈಡ್ ಖುಷಿ, ಇವಳೂ ಖುಷಿ.

ಮೊದಲ ಪ್ರಶ್ನೆ ಸಣ್ಣದು: “1024 ಯಾಕಮ್ಮಾ?” ಎಲ್ಲ ಪೇಪರ್‌ನಲ್ಲೂ ಅಷ್ಟೇ ಇದೆ ಅನ್ನೋದು ಉತ್ತರ ಅಲ್ಲ. ಲೋಡ್ ಇಲ್ಲದಾಗ ಶಾಫ್ಟ್ 1797 ಆರ್‌ಪಿಎಂ, ಅಂದ್ರೆ ಸೆಕೆಂಡಿಗೆ ಸುಮಾರು 30 ಸುತ್ತು. ಒಂದು ಸುತ್ತಿಗೆ 400 ಪಾಯಿಂಟ್ ಬೇಕು. ಹಾಗಾಗಿ 1024ರಲ್ಲಿ ಎರಡೂವರೆ ಸುತ್ತು ಸಿಗುತ್ತೆ. ಈ ಬೇರಿಂಗ್‌ನ ಹೊರ ರೇಸ್‌ನಲ್ಲಿ ಗುಳಿ ಇದ್ರೆ ಒಂದು ಸುತ್ತಿಗೆ 3.585 ಸಲ ಬಡಿಯುತ್ತೆ, ಒಂದು ತುಂಡಿನಲ್ಲಿ ಒಂಬತ್ತು ಬಡಿತ ಕಾಣುತ್ತೆ. ಇದು ಉತ್ತರ. ಆದ್ರೆ ಇದರ ಬೆಲೆಯನ್ನೂ ಹೇಳಬೇಕು: ಇಷ್ಟು ಚಿಕ್ಕ ತುಂಡಿನ ಎಫ್‌ಎಫ್‌ಟಿಯಲ್ಲಿ ಗೆರೆಗಳ ಅಂತರ 11.7 ಹರ್ಟ್ಜ್. ಲೋಡ್ ಬಿದ್ದು ವೇಗ 1730ಕ್ಕೆ ಇಳಿದಾಗ ಆ ಬಡಿತದ ಆವರ್ತನ 107ರಿಂದ 103 ಹರ್ಟ್ಜ್‌ಗೆ ಬರುತ್ತೆ ಅಷ್ಟೇ. ಆ ವ್ಯತ್ಯಾಸ ಈ ತುಂಡಿನ ಸ್ಪೆಕ್ಟ್ರಮ್‌ನಲ್ಲಿ ಬಿಡಿಯಾಗಿ ಕಾಣಲ್ಲ.

ಎರಡನೇ ಪ್ರಶ್ನೆಯಲ್ಲೇ ಪೂರ್ತಿ ಥೀಸಿಸ್ ಇರೋದು. “ಟೆಸ್ಟ್ ಡೇಟಾ ನಿಮ್ಮ ಮಾಡೆಲ್‌ಗೆ ನಿಜವಾಗ್ಲೂ ಹೊಸದಾ?”

ಲೆಕ್ಕ ಹಾಕೋಣ. ಟೆಸ್ಟ್‌ಗೆ ಹೋದ ಯಾವುದಾದ್ರೂ ಒಂದು ತುಂಡು ತಗೊಳ್ಳಿ. ಅದರ ಮೊದಲರ್ಧ ಎಡಗಡೆ ನೆರೆಯವನಲ್ಲಿ ಇದೆ, ಇನ್ನರ್ಧ ಬಲಗಡೆಯವನಲ್ಲಿ. ಒಬ್ಬೊಬ್ಬ ನೆರೆಯವನೂ ಟ್ರೈನಿಂಗ್‌ನಲ್ಲಿರೋ ಸಾಧ್ಯತೆ 0.8. ಇಬ್ಬರೂ ಅಲ್ಲೇ ಇರೋದು 0.8 × 0.8, ಅಂದ್ರೆ ಶೇ. 64. ಅಷ್ಟು ಟೆಸ್ಟ್ ತುಂಡುಗಳ ಪ್ರತಿಯೊಂದು ಪಾಯಿಂಟನ್ನೂ ಮಾಡೆಲ್ ಮೊದಲೇ ನೋಡಿಬಿಟ್ಟಿದೆ! ಇಬ್ಬರಲ್ಲಿ ಒಬ್ಬನಾದ್ರೂ ಇರೋದು ಶೇ. 96. ಪ್ರಶ್ನೆಪತ್ರಿಕೆ ಲೀಕ್ ಆದಮೇಲೆ ಬಂದ ರ‍್ಯಾಂಕ್ ಇದು.

“ಓವರ್‌ಲ್ಯಾಪ್ ತೆಗೆದುಬಿಡ್ತೀನಿ ಸರ್” ಅಂದ್ರೂ ಸಾಲಲ್ಲ. ಒಂದೇ ರೆಕಾರ್ಡಿಂಗ್‌ನ ತುಂಡುಗಳಲ್ಲಿ ಅದೇ ಬೇರಿಂಗ್, ಅದೇ ವೇಗ, ಅದೇ ಸೆನ್ಸರ್ ಕೂರಿಸಿದ ರೀತಿ. ಮಾಡೆಲ್ ದೋಷವನ್ನ ಕಲಿಯೋ ಬದಲು ರೆಕಾರ್ಡಿಂಗ್‌ನ ಗುರುತನ್ನ ಕಲಿತು ಪಾಸಾಗಬಹುದು. ತುಂಡು ಮಾಡೋಕೆ ಮುಂಚೆಯೇ ರೆಕಾರ್ಡಿಂಗ್‌ಗಳನ್ನ ಬೇರೆ ಮಾಡಬೇಕು. ಸುಲಭದ ದಾರಿ, ಒಂದೊಂದು ಸಲ ಒಂದೊಂದು ಲೋಡನ್ನ ಪೂರ್ತಿ ಹೊರಗಿಡೋದು:

```python
from sklearn.model_selection import GroupKFold
gkf = GroupKFold(n_splits=4)
for tr, te in gkf.split(X, y, groups=load_hp):
    ...
```

ಸ್ಕೇಲಿಂಗ್ ಕೂಡ ಈ ಲೂಪ್‌ನ ಒಳಗೆ, `tr` ಮೇಲೆ ಮಾತ್ರ.

ಒಳ್ಳೆ ಎಕ್ಸ್‌ಟರ್ನಲ್ ಇಲ್ಲಿಗೂ ಬಿಡಲ್ಲ. ಲೋಡ್ ಬದಲಾದ್ರೂ ಗುಳಿ ಬಿದ್ದಿರೋ ಬೇರಿಂಗ್ ಅದೇ ಅಲ್ವಾ? ಹೌದು. ಹಾಗಾದ್ರೆ 0.007 ಮತ್ತು 0.021 ಇಂಚಿನವುಗಳಲ್ಲಿ ಕಲಿಸಿ 0.014ರಲ್ಲಿ ಪರೀಕ್ಷಿಸಬೇಕು. ಆಗ ಇನ್ನೊಂದು ಗುಟ್ಟು ಹೊರಬೀಳುತ್ತೆ: ದೋಷದ ಜಾಗ ಮೂರು, ಗಾತ್ರ ಮೂರು, ಜೊತೆಗೆ ಸರಿಯಿರೋ ಬೇರಿಂಗ್ ಒಂದು ಅಂತ 10 ಕ್ಲಾಸ್ ಮಾಡಿರೋವರು ಈ ಪರೀಕ್ಷೆ ಮಾಡೋಕೇ ಆಗಲ್ಲ, ಯಾಕಂದ್ರೆ 0.014ರ ಲೇಬಲ್ಲೇ ಟ್ರೈನಿಂಗ್‌ನಲ್ಲಿ ಇರಲ್ಲ. ಸರಿಯಿರೋದು, ಒಳ ರೇಸ್, ಹೊರ ರೇಸ್, ಬಾಲ್ ಅಂತ ನಾಲ್ಕು ಕ್ಲಾಸ್‌ಗೆ ಇಳಿಸಬೇಕು. ಸರಿಯಿರೋ ಬೇರಿಂಗ್‌ಗೆ ಗುಳಿಯ ಗಾತ್ರ ಅನ್ನೋದೇ ಇಲ್ಲ, ಅದನ್ನ ಲೋಡ್ ಮೇಲೆಯೇ ಒಡೆಯಬೇಕು. ಅಕ್ಯುರಸಿ ಇಳಿಯುತ್ತೆ, ಅದಕ್ಕೆ ಹೆದರಬೇಡಿ. ಇಳಿದ ಅಂಕಿಯ ಪಕ್ಕ ಯಾವ ಕ್ಲಾಸ್ ಯಾವುದರ ಜೊತೆ ಗೊಂದಲ ಆಯ್ತು ಅಂತ ತೋರಿಸಿದ್ರೆ ಮಾತಾಡೋಕೆ ಏನಾದ್ರೂ ಇರುತ್ತೆ. ಶೇ. 99ರ ಬಗ್ಗೆ ಮಾತಾಡೋಕೆ ಏನಿದೆ?

ವೈವಾಗೆ ಒಂದೇ ವಾರ ಉಳಿದಿದೆ, ಎಲ್ಲ ಮತ್ತೆ ಓಡಿಸೋಕೆ ಆಗಲ್ಲ ಅನ್ನೋವರು ಲೋಡ್ ಹೊರಗಿಡೋ ಪ್ರಯೋಗ ಒಂದನ್ನಾದ್ರೂ ಮಾಡಿ, ಹಳೆಯ ಟೇಬಲ್ ಪಕ್ಕದಲ್ಲೇ ಹಾಕಿ. ಪಕ್ಕದಲ್ಲಿ ಒಂದು ಸಾದಾ ನಿಯರೆಸ್ಟ್-ನೇಬರ್ ಫಲಿತಾಂಶವನ್ನೂ ಇಡಿ. ರ್ಯಾಂಡಮ್ ಆಗಿ ಒಡೆದಾಗ ಅದೂ ನಿಮ್ಮ ಸಿಎನ್‌ಎನ್‌ನಷ್ಟೇ ಅಂಕ ತೆಗೆದ್ರೆ, ಆ ಶೇ. 99 ನೆಟ್‌ವರ್ಕ್‌ನ ಜಾಣತನದಿಂದ ಬಂದಿದ್ದು ಅಂತ ಹೇಳೋ ಹಾಗಿಲ್ಲ. ಅದನ್ನ ಎಕ್ಸ್‌ಟರ್ನಲ್ ಹೇಳೋ ಮುಂಚೆ ಸ್ಲೈಡ್‌ನಲ್ಲಿ ನೀವೇ ಬರೆದಿರಿ.