ಕುಡಿದರಷ್ಟೇ ವಿಷವಲ್ಲ

ಹಾವೇರಿ ಸೀಮೆಯ ಒಂದು ಹತ್ತಿ ಹೊಲ. ಬದುವಿನ ಮೇಲೆ ಸ್ಪ್ರೇ ಕ್ಯಾನು, ಬಕೀಟು, ಪಕ್ಕದಲ್ಲಿ ಅರ್ಧ ಲೀಟರಿನ ಪ್ರೊಫೆನೊಫಾಸ್ ಬಾಟಲಿ. ಹೊಡೆಯಲು ಬಂದವರಿಗೆ ಐವತ್ತರ ಆಸುಪಾಸು. ಏಳನೇ ಇಯತ್ತೆಯವರೆಗೆ ಕಲಿತವರು, ದಿನಾ ಪೇಪರ್ ಓದುವವರು. "ಬಾಟ್ಲಿ ಮ್ಯಾಲ ಬರದದ್ದು ಒಂದೀಟು ಓದ್ರಿ ಅಣ್ಣಾರ" ಅಂದೆ. ಬಾಟಲಿಯನ್ನು ಹತ್ತಿರ ತಂದು, ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದರು: "ಸಿಂಪಡಣಾ ಕಾಲದಲ್ಲಿ ರಕ್ಷಣಾತ್ಮಕ ಉಡುಪುಗಳನ್ನು ಧರಿಸತಕ್ಕದ್ದು. ಚರ್ಮದೊಂದಿಗಿನ ಸಂಪರ್ಕವನ್ನು ತಪ್ಪಿಸತಕ್ಕದ್ದು." ಒಂದಕ್ಷರವೂ ತಪ್ಪಲಿಲ್ಲ.

"ಹಂಗಂದ್ರ ಏನ್ರಿ?"

"ಹುಷಾರಾಗಿ ಹೊಡೀರಿ ಅಂತಿರಬೇಕ್ರಿ" ಎಂದು ನಕ್ಕು, ಬರಿಗೈಯಲ್ಲೇ ಮುಚ್ಚಳ ತಿರುವಿದರು. ಬೆರಳ ಮೇಲೆ ಇಳಿದ ಎರಡು ಹನಿಯನ್ನು ಲುಂಗಿಗೆ ಒರೆಸಿಕೊಂಡರು.

ಅವರಿಗೆ ಓದಲು ಬರುತ್ತಿತ್ತು. ಲೇಬಲ್ಲಿನ ಮೇಲೆ ಕನ್ನಡವೂ ಇತ್ತು, ಇರಲೇಬೇಕು. 1968ರ ಕೀಟನಾಶಕ ಕಾಯ್ದೆಯಡಿ ಬಂದ 1971ರ ನಿಯಮಗಳ ಪ್ರಕಾರ ಲೇಬಲ್ ಮತ್ತು ಒಳಗಿನ ಕರಪತ್ರ ಇಂಗ್ಲಿಷ್, ಹಿಂದಿಯ ಜೊತೆಗೆ ಮಾಲು ಮಾರಾಟವಾಗುವ ಊರಿನ ಭಾಷೆಯಲ್ಲೂ ಇರಬೇಕು. ಆದರೂ ಆ ಎರಡು ಹನಿ ಬೆರಳ ಮೇಲೆ ಇಳಿದವು. ಓದಿದ ಮಾತು ಕೈವರೆಗೆ ಬರಲಿಲ್ಲ.

ಬಾಟಲಿಯ ಮೇಲಿನ ವಜ್ರಾಕೃತಿಯ ಗುರುತನ್ನು ಎಲ್ಲರೂ ನೋಡಿರುತ್ತಾರೆ. ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಈ ನಾಲ್ಕರಲ್ಲಿ ಒಂದು ಬಣ್ಣ. ಕೆಂಪು ಎಲ್ಲಕ್ಕಿಂತ ಘೋರ, ಹಸಿರು ಎಲ್ಲಕ್ಕಿಂತ ಸೌಮ್ಯ. ಈ ಶ್ರೇಣಿಗೆ ಮೊದಲ ಆಧಾರ ಪ್ರಯೋಗದ ಪ್ರಾಣಿಗಳ ಹೊಟ್ಟೆಗೆ ಎಷ್ಟು ಹೋದರೆ ಅರ್ಧದಷ್ಟು ಸಾಯುತ್ತವೆ ಎಂಬ ಲೆಕ್ಕ. ನಮ್ಮ ರೈತರು ಬಣ್ಣವನ್ನು ಓದುವ ಬಗೆಯೇ ಬೇರೆ. ಸಿಗ್ನಲ್ ದೀಪದ ಹಾಗೆ ಕೆಂಪೆಂದರೆ ನಿಲ್ಲು, ಹಳದಿಯೆಂದರೆ ನೋಡಿಕೊಂಡು ಹೋಗು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಒಂದೆರಡು ಗುಟುಕು ಒಳಗೆ ಹೋದರೂ ಪುಪ್ಪುಸ ಕೆಟ್ಟು ಸಾವು ಬರಬಹುದು. ಅದರ ಗುರುತು ಹಳದಿ. ಬಣ್ಣದ ಪಕ್ಕದಲ್ಲಿ ಮಾತು ಗಟ್ಟಿಯಾಗಿರದಿದ್ದರೆ ಬಣ್ಣವೇ ದಾರಿ ತಪ್ಪಿಸುತ್ತದೆ.

ಆ ಮಾತು ಎಂದರೆ "ವಿಷ". ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ಪದವಿಲ್ಲ, ತೊಡಕಿರುವುದೂ ಇಲ್ಲೇ. ಊರಿನಲ್ಲಿ ಯಾರೂ ಕೀಟನಾಶಕ ಎನ್ನುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅದು ಎಣ್ಣಿ, ಅಡಿಕೆ ಸೀಮೆಯಲ್ಲಿ ಮದ್ದು, ಮಿಕ್ಕ ಕಡೆ ಔಷಧಿ. ಬೆಳೆಗೆ ಹೊಡೆದರೆ ಔಷಧಿ, ಮನುಷ್ಯ ಕುಡಿದರೆ ವಿಷ. "ಔಷಧಿ ಕುಡಿದ" ಎಂದರೆ ಏನಾಯಿತೆಂದು ಮಗುವಿಗೂ ಗೊತ್ತು. ಹೀಗಾಗಿ ವಿಷ ಎಂಬ ಪದವನ್ನು ಎಷ್ಟು ದಪ್ಪಗೆ ಅಚ್ಚು ಹಾಕಿದರೂ ಓದುವವನಿಗೆ ಕಾಣುವುದು "ಕುಡಿಯಬೇಡ" ಎಂದಷ್ಟೇ. ಅವನು ಕುಡಿಯುವವನಲ್ಲ, ಹಾಗಾಗಿ ಅದು ತನಗಲ್ಲ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತರ ಆಸುಪಾಸು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರು ಕುಡಿದಿರಲಿಲ್ಲ. ಆಳೆತ್ತರ ಬೆಳೆದ ಹತ್ತಿಯ ನಡುವೆ, ಬೆವರಿದ ಮೈಯಲ್ಲಿ, ದಿನಗಟ್ಟಲೆ ಹೊಡೆದಿದ್ದರು. ಪ್ರೊಫೆನೊಫಾಸ್ ಥರದ ಆರ್ಗನೋಫಾಸ್ಫರಸ್ ವಿಷಗಳು ಉಸಿರಿನಿಂದ ಒಳಗೆ ಹೋಗುತ್ತವೆ, ಅದಕ್ಕಿಂತ ಹೆಚ್ಚಾಗಿ ಚರ್ಮದಿಂದ. ಮೈಯ ಚರ್ಮ ಎಲ್ಲ ಕಡೆ ಒಂದೇ ಥರವೂ ಅಲ್ಲ. ಪ್ಯಾರಾಥಿಯಾನ್ ಎಂಬ ಇದೇ ಕುಲದ ವಿಷವನ್ನು ಹಚ್ಚಿ ಅಳೆದಾಗ, ಮುಂಗೈ ಹೀರಿದ್ದಕ್ಕಿಂತ ಸುಮಾರು 12 ಪಟ್ಟನ್ನು ವೃಷಣದ ಚರ್ಮ ಹೀರಿತ್ತು. ಸೋರುವ ಕ್ಯಾನು ಬೆನ್ನಿಗಿದ್ದರೆ ಹನಿ ಇಳಿಯುವುದು ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ತೊಡೆಯ ಸಂದಿಗೆ. ಬಾಟಲಿ ಮುಟ್ಟಿದ ಕೈಯಲ್ಲೇ ಮೂತ್ರಕ್ಕೆ ಹೋದರೂ ಅಷ್ಟೇ.

ಈಗ "ಚರ್ಮದೊಂದಿಗಿನ ಸಂಪರ್ಕವನ್ನು ತಪ್ಪಿಸತಕ್ಕದ್ದು" ಎಂಬ ವಾಕ್ಯಕ್ಕೆ ಹಿಂತಿರುಗೋಣ. ವ್ಯಾಕರಣ ಸರಿಯಿದೆ. ಆದರೆ ಯಾರು, ಯಾವಾಗ, ಏನು ಮಾಡಬೇಕು ಎಂಬ ಮೂರಕ್ಕೂ ಅದರಲ್ಲಿ ಉತ್ತರವಿಲ್ಲ. ಹೊಲದ ಕನ್ನಡದಲ್ಲಿ ಅದು ಹೀಗಾದೀತು: "ಕುಡಿದರೆ ಮಾತ್ರವಲ್ಲ, ಮೈಗೆ ತಗುಲಿದರೂ ವಿಷ ಏರುತ್ತದೆ. ಕೈಗೆ ಬಿದ್ದರೆ ಒರೆಸಿಕೊಳ್ಳಬೇಡಿ, ಆಗಲೇ ಸೋಪು ಹಚ್ಚಿ ತೊಳೆಯಿರಿ. ಬಟ್ಟೆ ನೆಂದರೆ ಅಲ್ಲೇ ಕಳಚಿ." ಮೊದಲ ವಾಕ್ಯ ಕಾರಣ ಕೊಡುತ್ತದೆ, ಉಳಿದವು ಕೆಲಸ ಹೇಳುತ್ತವೆ. ಸೋಪು ಬದುವಿನ ಮೇಲೆ ಇರಬೇಕಲ್ಲ ಎಂಬ ಯೋಚನೆಯೂ ಆಗಲೇ ಹುಟ್ಟುತ್ತದೆ.

"ರಕ್ಷಣಾತ್ಮಕ ಉಡುಪು" ಕೂಡ ಹೀಗೇ ಗಾಳಿಯಲ್ಲಿ ನಿಂತ ಮಾತು. ಮುಖಗವಸು ಹಾಕಿ ಎಂದು ಓದಿದವರು ಹೆಗಲ ಮೇಲಿನ ಟವೆಲ್ ಬಾಯಿಗೆ ಸುತ್ತುತ್ತಾರೆ. ಅರ್ಧ ತಾಸಿನಲ್ಲಿ ಟವೆಲ್ ತುಂತುರು ಹೀರಿ ಒದ್ದೆಯಾಗುತ್ತದೆ, ಮತ್ತೆ ಅದೇ ವಿಷವನ್ನು ಮೂಗಿಗೂ ತುಟಿಗೂ ಒತ್ತಿ ಹಿಡಿಯುತ್ತದೆ. ಬಟ್ಟೆಯ ಕೈಗವಸಿನದೂ ಇದೇ ಕತೆ. ಆದ್ದರಿಂದ ಏನು ಹಾಕಬೇಕೆಂಬುದರ ಜೊತೆಗೆ ಏನು ಸಾಲದು ಎಂಬುದನ್ನೂ ಬರೆಯಬೇಕು: "ಟವೆಲ್ ಸಾಲದು. ಬಟ್ಟೆಯ, ಚರ್ಮದ ಕೈಗವಸು ಬೇಡ; ನೀರು ಹೀರದ ನೈಟ್ರೈಲ್ ಕೈಗವಸು ಹಾಕಿ. ತುಂಬು ತೋಳಿನ ಅಂಗಿ, ಪೂರ್ತಿ ಪ್ಯಾಂಟು, ರಬ್ಬರ್ ಬೂಟು."

ಹೇಳುವ ಸಮಯವೂ ಮುಖ್ಯ. ಲೇಬಲ್ "ಸಿಂಪಡಣಾ ಕಾಲದಲ್ಲಿ" ಎನ್ನುತ್ತದೆ. ಅಪಾಯ ಅದಕ್ಕೂ ಮೊದಲೇ, ಬಾಟಲಿ ತೆರೆಯುವಾಗ ಇದೆ. ಆಗ ಕೈಗೆ ತಗುಲುವುದು ನೀರು ಬೆರೆಯದ ಅಸಲು ಮಾಲು. "ಮುಚ್ಚಳ ತೆಗೆಯುವ ಮೊದಲೇ ಕೈಗವಸು, ಕನ್ನಡಕ" ಎಂಬ ಐದು ಪದ ಮುಚ್ಚಳದ ಹತ್ತಿರವೇ ಇದ್ದಿದ್ದರೆ ನಮ್ಮ ಅಣ್ಣನ ಕೈ ಒಂದು ಗಳಿಗೆ ತಡೆಯುತ್ತಿತ್ತೇನೊ.

ಪ್ರಮಾಣದ ಭಾಗ ಎಲ್ಲಕ್ಕಿಂತ ಬಿಗಿಯಾದ ಗಂಟು. ಹತ್ತಿಗೆ ಈ ಪ್ರೊಫೆನೊಫಾಸ್ 50 ಇ.ಸಿ.ಯನ್ನು ಹೆಕ್ಟೇರಿಗೆ 1500ರಿಂದ 2000 ಮಿ.ಲೀ., 500ರಿಂದ 1000 ಲೀಟರ್ ನೀರಿನಲ್ಲಿ ಎಂದು ಬರೆದಿರುತ್ತದೆ. ರೈತನ ಹೊಲ ಇರುವುದು ಎಕರೆ, ಗುಂಟೆಯಲ್ಲಿ. ನೀರು ಅಳೆಯುವುದು ಕ್ಯಾನಿನಲ್ಲಿ, ಔಷಧಿ ಅಳೆಯುವುದು ಮುಚ್ಚಳದಲ್ಲಿ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಕನಿಷ್ಠ ಲೆಕ್ಕವನ್ನೇ ಹಿಡಿದರೆ ಎಕರೆಗೆ 600 ಮಿ.ಲೀ., ನೀರು 200 ಲೀಟರ್. ಅಂದರೆ 16 ಲೀಟರಿನ ಹನ್ನೆರಡೂವರೆ ಕ್ಯಾನು, ಕ್ಯಾನಿಗೆ 48 ಮಿ.ಲೀ. ಇಷ್ಟು ಭಾಗಾಕಾರವನ್ನು ಹೊಲದ ಬದುವಿನಲ್ಲಿ ಯಾರೂ ಮಾಡುವುದಿಲ್ಲ. ಅಂಗಡಿಯವರು ಹೇಳಿದ "ಕ್ಯಾನಿಗೆ ಇಷ್ಟು ಮುಚ್ಚಳ"ವೇ ಶಾಸ್ತ್ರ. ಮುಚ್ಚಳವೋ ಬಾಟಲಿಯಿಂದ ಬಾಟಲಿಗೆ ಬೇರೆ. ಕನ್ನಡಕ್ಕೆ ತರುವವರು ಪದಗಳ ಜೊತೆಗೆ ಅಳತೆಯನ್ನೂ ತರಬೇಕು: ಎಕರೆಗೆ ಎಷ್ಟು, 16 ಲೀಟರಿನ ಕ್ಯಾನಿಗೆ ಎಷ್ಟು, ಎಕರೆಗೆ ಎಷ್ಟು ಕ್ಯಾನು. ಕ್ಯಾನು ಕಡಿಮೆ ಹೊಡೆಯುವವರಿಗೆ ಔಷಧಿಯ ನೀರು ಗಟ್ಟಿಯಾಗುತ್ತದೆ ಎಂಬ ಒಂದು ಸಾಲೂ ಬೇಕು.

ಪದ ಸರಿಯಿದ್ದೂ ಅರ್ಥ ತಿರುಗುಮುರುಗಾಗುವುದುಂಟು. "ಗಾಳಿಯ ದಿಕ್ಕಿನಲ್ಲಿ ಸಿಂಪಡಿಸಿ" ಎಂಬುದನ್ನೇ ನೋಡಿ. ನಮ್ಮಲ್ಲಿ ಗಾಳಿಗೆ ಹೆಸರು ಬಂದಿರುವುದು ಅದು ಎಲ್ಲಿಂದ ಬರುತ್ತದೋ ಆ ದಿಕ್ಕಿನಿಂದ. ಪಡುವಣ ಗಾಳಿ ಎಂದರೆ ಪಡುವಣದಿಂದ ಬೀಸುವ ಗಾಳಿ. ಹಾಗಾದರೆ ಗಾಳಿಯ ದಿಕ್ಕು ಯಾವುದು? ಪಡುವಣಕ್ಕೆ ಮುಖ ಮಾಡಿ ಹೊಡೆದವನೂ ಲೇಬಲ್ ಪಾಲಿಸಿದಂತೆಯೇ, ತುಂತುರು ಮಾತ್ರ ಅವನ ಮುಖಕ್ಕೆ. ಇದಕ್ಕೆ ಬೇಕಾದ ಮಾತು ಕಣದಲ್ಲೇ ಇದೆ. ರಾಶಿ ತೂರುವಾಗ ಹೊಟ್ಟು ಹಾರುವ ಕಡೆ ಯಾರೂ ನಿಲ್ಲುವುದಿಲ್ಲ. "ಒಂದು ಹಿಡಿ ಒಣ ಮಣ್ಣು ತೂರಿ ನೋಡಿ. ಧೂಳು ಹೋಗುವ ಕಡೆಯ ಸಾಲಿನಿಂದ ಶುರು ಮಾಡಿ, ಗಾಳಿ ಬರುವ ಕಡೆಗೆ ಸಾಲು ಸಾಲಾಗಿ ಸರಿಯಿರಿ. ಹೊಡೆದ ಸಾಲಿನಲ್ಲಿ ಮತ್ತೆ ನಡೆಯಬೇಡಿ." ಹೀಗೆ ಹೊಡೆದರೆ ಒದ್ದೆ ಎಲೆ ತೊಡೆಗೆ ಸವರುವುದೂ ತಪ್ಪುತ್ತದೆ.

ವಿಷ ಏರಿದ್ದನ್ನು ಗುರುತಿಸುವ ಸಾಲುಗಳಲ್ಲಿ ಭಾಷೆ ಪ್ರಾಣದ ಪ್ರಶ್ನೆಯೇ ಆಗುತ್ತದೆ. ಕರಪತ್ರದಲ್ಲಿ "ಕಣ್ಣಿನ ಪಾಪೆಗಳ ಸಂಕುಚನ, ಅಧಿಕ ಲಾಲಾಸ್ರಾವ" ಎಂದಿರುತ್ತದೆ. ಮೊದಲು ಬರುವ ತಲೆನೋವು, ಬೆವರು, ವಾಕರಿಕೆ ಬಿಸಿಲಿಗೂ ಬರುವಂಥವು. "ಪಿತ್ತ ಆಗೇದ" ಎಂದು ಮಜ್ಜಿಗೆ ಕುಡಿದು, ಮತ್ತೆ ಕ್ಯಾನು ಏರಿಸುವುದು ರೂಢಿ. ಬಿಸಿಲಿನಿಂದ ಬೇರ್ಪಡಿಸುವ ಗುರುತುಗಳನ್ನೇ ಎತ್ತಿ ಹೇಳಬೇಕು: "ಬಾಯಲ್ಲಿ ಜೊಲ್ಲು ಸುರಿದರೆ, ಕಣ್ಣಲ್ಲಿ ನೀರು ಬಂದು ಮಂಜಾದರೆ, ಎದೆ ಬಿಗಿದರೆ, ಮೈಯ ಮಾಂಸ ಅದುರಿದರೆ ಅದು ಬಿಸಿಲಲ್ಲ, ಔಷಧಿ ಏರಿದೆ. ಹೊಡೆಯುವುದು ನಿಲ್ಲಿಸಿ. ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆದು, ಈ ಲೇಬಲ್ ಹಿಡಿದು ಆಸ್ಪತ್ರೆಗೆ ಹೋಗಿ." ಬಟ್ಟೆ ಕಳಚದಿದ್ದರೆ ದಾರಿಯುದ್ದಕ್ಕೂ ವಿಷ ಏರುತ್ತಲೇ ಇರುತ್ತದೆ. ಲೇಬಲ್ ಇಲ್ಲದಿದ್ದರೆ ಯಾವ ವಿಷವೆಂದು ವೈದ್ಯರಿಗೆ ತಿಳಿಯದು. ಈ ಕುಲದ ವಿಷಕ್ಕೆ ಅಟ್ರೊಪಿನ್ ಎಂಬ ಪ್ರತಿವಿಷವಿದೆ, ಬೇರೆ ಕುಲಕ್ಕೆ ಚಿಕಿತ್ಸೆ ಬೇರೆ.

ಬರೆದದ್ದು ತಲುಪಿತೇ ಎಂದು ತಿಳಿಯಲು "ತಿಳೀತೇನ್ರಿ?" ಎಂದು ಕೇಳಿ ಉಪಯೋಗವಿಲ್ಲ. ಹೂಂ ಎನ್ನುವುದು ನಮ್ಮ ಮರ್ಯಾದೆ. "ಈಗ ಏನ ಮಾಡ್ತೀರಿ, ತೋರಿಸ್ರಿ" ಎನ್ನಬೇಕು. ಕ್ಯಾನಿಗೆ ಬರಿ ನೀರು ತುಂಬಿ, ಬಾಟಲಿ ತೆರೆಯುವುದರಿಂದ ಹಿಡಿದು ಎಲ್ಲವನ್ನೂ ಮಾಡಿಸಿ ನೋಡಿದರೆ ಯಾವ ವಾಕ್ಯ ಕೈಗೆ ಬಂತು, ಯಾವುದು ಹಾಳೆಯಲ್ಲೇ ಉಳಿಯಿತು ಎಂದು ಕಾಣುತ್ತದೆ. ಲೇಬಲ್ಲಿನ ಒಕ್ಕಣೆಗೆ ಕೇಂದ್ರದ ನೋಂದಣಿ ಸಮಿತಿಯ ಒಪ್ಪಿಗೆ ಬೇಕು, ಅನುವಾದಕ ತನ್ನಿಷ್ಟದಂತೆ ಸಾಲು ಸೇರಿಸುವಂತಿಲ್ಲ. ಆದರೆ ಒಪ್ಪಿದ ಸಾಲನ್ನು ಯಾವ ಕನ್ನಡದಲ್ಲಿ ಹೇಳಬೇಕೆಂಬ ಆಯ್ಕೆ ಉಳಿದೇ ಇರುತ್ತದೆ. ಅಂಗಡಿಯ ಗೋಡೆಗೆ ಹಚ್ಚುವ ಹಾಳೆಗೆ, ರೈತ ಸಂಪರ್ಕ ಕೇಂದ್ರದಲ್ಲಿ ಕೊಡುವ ಚೀಟಿಗೆ ಅಷ್ಟು ಕಟ್ಟೂ ಇಲ್ಲ.

ಮೇಲಿನ ಸಾಲುಗಳನ್ನು ಹಾಳೆಯಲ್ಲಿ ಬರೆದುಕೊಂಡು ಅದೇ ಹೊಲಕ್ಕೆ ಮತ್ತೆ ಹೋಗಿದ್ದೆ. ಅಣ್ಣ ಓದಿದರು, ಮಣ್ಣು ತೂರಿ ತೋರಿಸಿದರು, ಕ್ಯಾನಿಗೆ ಎಷ್ಟೆಂದು ಹೇಳಿದರು. ಬುತ್ತಿ ತಂದಿದ್ದ ಅವರ ಹೆಂಡತಿ ಬದುವಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡು ಕೇಳಿದರು: "ಇವರ ಅಂಗಿ ಒಗಿಯಾಕಿ ನಾನು. ನನಗೇನ್ ಬರದೀರಿ?"

ಏನೂ ಬರೆದಿರಲಿಲ್ಲ. ಹಾಳೆಯ ತಳದಲ್ಲಿ ಅಲ್ಲೇ ಸೇರಿಸಿದೆ: "ಹೊಡೆದ ಬಟ್ಟೆ ಮನೆಯ ಬಟ್ಟೆಯ ಜೊತೆ ನೆನೆಹಾಕಬೇಡಿ. ಒಗೆಯುವವರೂ ಕೈಗವಸು ಹಾಕಿ."