ರಿಪೋರ್ಟ್ ಹೊಡೆದ್ರೆ ವಿಡಿಯೋ ಹೋಗುತ್ತಾ?

ದಾವಣಗೆರೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿಯುವಾಗ ಎಂಟು ವರ್ಷದ ಮಗ ಜಾರಿ ಬಿದ್ದಿದ್ದಾನೆ. ಅದನ್ನು ಯಾರೋ ಕಾಮಿಡಿ ಮ್ಯೂಸಿಕ್ ಹಾಕಿ ಯೂಟ್ಯೂಬ್‌ಗೆ ಬಿಟ್ಟಿದ್ದಾರೆ. ಹುಡುಗ ಶಾಲೆಗೇ ಹೋಗಲ್ಲ ಅಂತಾನೆ. "ನೆಂಟರು, ಅಕ್ಕಪಕ್ಕದವರು ಸೇರಿ ಐವತ್ತು ಜನ ರಿಪೋರ್ಟ್ ಹೊಡೆದ್ವಿ ಸರ್, ಏನೂ ಆಗ್ಲಿಲ್ಲ" ಅಂದ್ರು.

ಆಗೋದೂ ಇಲ್ಲ. ರಿಪೋರ್ಟ್ ಬಟನ್ ಓಟಿನ ಪೆಟ್ಟಿಗೆ ಅಲ್ಲ, ಎಷ್ಟು ಜನ ಒತ್ತಿದರು ಅನ್ನೋದರ ಮೇಲೆ ತೀರ್ಮಾನ ಆಗಲ್ಲ. ಹಿಂಸೆ, ಅಶ್ಲೀಲತೆ, ಕಿರುಕುಳದಂಥ ನಿಯಮ ಮುರಿದಿದೆಯಾ ಅಂತ ಅಲ್ಲಿ ನೋಡ್ತಾರೆ. ಮಗು ಜಾರಿ ಬೀಳೋದು ಎಷ್ಟೋ ಸಲ ಅದರಲ್ಲಿ ಯಾವುದಕ್ಕೂ ಸಿಗೋದಿಲ್ಲ.

ಈ ತಾಯಿಗೆ ಬೇಕಿದ್ದದ್ದು ಬೇರೆ ಬಾಗಿಲು. ಯೂಟ್ಯೂಬ್ ಹೆಲ್ಪ್ ಪುಟದಲ್ಲಿ Privacy Complaint Process ಅಂತ ಹುಡುಕಿ. ಅಲ್ಲಿ ದೂರು ಕೊಡಬೇಕಾದವರು ವಿಡಿಯೋದಲ್ಲಿ ಇರುವವರೇ, ಮಗುವಾದರೆ ತಂದೆ-ತಾಯಿ. ಸೋದರಮಾವ ಕೊಟ್ಟರೆ ನಡೆಯಲ್ಲ. "ಇದು ನನ್ನ ಮಗು, ತೆಗೀರಿ" ಅಂತ ಬರೆದರೂ ಸಾಲದು. ಲಿಂಕ್ ಹಾಕಿ, 0:14ರಿಂದ 0:31ರವರೆಗೆ, ಹಳದಿ ಅಂಗಿ, ಎಡಗಡೆಯಿಂದ ಎರಡನೆಯವನು, ಮೈಕಿನಲ್ಲಿ ಅವನ ಹೆಸರು ಕೇಳಿಸುತ್ತೆ ಅಂತ ಬಿಡಿಸಿ ಬರೆಯಬೇಕು. ಗುರುತು ಸಿಗುತ್ತಾ ಅನ್ನೋದೇ ಅಲ್ಲಿ ಮುಖ್ಯ ಪ್ರಶ್ನೆ. ನಾಲ್ಕುನೂರು ಜನರ ಗುಂಪಿನಲ್ಲಿ ಎರಡು ಸೆಕೆಂಡ್ ಮಸುಕಾಗಿ ಕಂಡಿದ್ದರೆ ದೂರು ನಿಲ್ಲೋದು ಕಷ್ಟ.

ಆಮೇಲೆ ಸಾಮಾನ್ಯವಾಗಿ ವಿಡಿಯೋ ಹಾಕಿದವನಿಗೆ 48 ಗಂಟೆ ಕೊಡ್ತಾರೆ. ಅವನು ಅಳಿಸಬಹುದು, ಆ ಭಾಗ ಕತ್ತರಿಸಬಹುದು, ಮುಖ ಮಸುಕು ಮಾಡಬಹುದು. ಪ್ರೈವೇಟ್ ಮಾಡಿಟ್ಟರೆ ಲೆಕ್ಕಕ್ಕಿಲ್ಲ, ನಾಳೆ ಮತ್ತೆ ಪಬ್ಲಿಕ್ ಮಾಡಬಹುದಲ್ಲ! ಸುಮ್ಮನಿದ್ದರೆ ಯೂಟ್ಯೂಬ್‌ನವರೇ ನೋಡಿ ತೀರ್ಮಾನಿಸ್ತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಹೆಸರನ್ನು ಅವನಿಗೆ ಕೊಡಲ್ಲ. ಸುದ್ದಿ, ಸಾರ್ವಜನಿಕ ಹಿತ ಅನ್ನಿಸಿದರೆ ಮಾತ್ರ ವಿಡಿಯೋ ಉಳಿಯಬಹುದು. ಈ ರಿಯಾಯಿತಿಯ ಲಾಭ ಹೆಚ್ಚು ಸಿಗೋದು ನಮ್ಮಂಥ ಚಾನೆಲ್‌ಗಳಿಗೇ, ಅದನ್ನು ಹೇಳೋಕೆ ನನಗೆ ಸ್ವಲ್ಪ ಮುಜುಗರ.

ದಾವಣಗೆರೆಯ ವಿಡಿಯೋ ಎರಡನೇ ದಿನ ಹೋಯ್ತು, ಹಾಕಿದವನೇ ಅಳಿಸಿದ. ಆದರೆ ಬೇರೆ ಎರಡು ಚಾನೆಲ್‌ಗಳಲ್ಲಿ ಅದರ ನಕಲು ಇತ್ತು. ಒಂದು ಲಿಂಕ್ ತೆಗೆದರೆ ಇನ್ನೊಂದು ತಾನಾಗಿ ಹೋಗಲ್ಲ. ಪ್ರತಿಯೊಂದಕ್ಕೂ ಬೇರೆ ದೂರು ಕೊಟ್ಟರು. ಇನ್‌ಸ್ಟಾಗ್ರಾಂನಲ್ಲಿ ಇದ್ದಿದ್ದರೆ ಅಲ್ಲಿನ ಫಾರಂ ಬೇರೆಯೇ. ದೂರು ಕೊಡೋ ಮೊದಲು ಲಿಂಕ್, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ ಅಂತ ನಾನು ಹೇಳಿದ್ದೆ. ಪೊಲೀಸರ ಹತ್ತಿರ ಹೋಗಬೇಕಾಗಿ ಬಂದರೆ, ಅಳಿಸಿಹೋದ ವಿಡಿಯೋಗೆ ಅದೇ ಸಾಕ್ಷಿ.

ಕೊನೆಗೆ ಉಳಿದದ್ದು ಕ್ಲಾಸ್ ಪೇರೆಂಟ್ಸ್ ವಾಟ್ಸಾಪ್ ಗ್ರೂಪ್. ಗ್ರೂಪ್ ಅಡ್ಮಿನ್ ಆಗಿದ್ದ ಟೀಚರಿಗೆ ಹೇಳಿದರು, ಅವರು ಎಲ್ಲರಿಗೂ ಅನ್ವಯವಾಗುವಂತೆ ಆ ಮೆಸೇಜ್ ಅಳಿಸಿದರು. ಅಷ್ಟರಲ್ಲಿ ಗ್ಯಾಲರಿಗೆ ಇಳಿಸಿಕೊಂಡವರ ಫೋನಿನಲ್ಲಿ ಅದು ಇದ್ದೇ ಇದೆ. ಅದನ್ನು ಯಾವ ಫಾರಂ ತುಂಬಿದರೂ ತೆಗೆಸೋಕೆ ಆಗಲ್ಲ. ಆ ತಾಯಿ ಈಗ ಒಬ್ಬೊಬ್ಬರಿಗೇ ಫೋನ್ ಮಾಡಿ, ಡಿಲೀಟ್ ಮಾಡಿ ಅಂತ ಕೇಳ್ತಿದ್ದಾರೆ.