ಪರದೆಯ ಆಚೆ ಉಳಿದ ‘ಬೇಡ’

ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ‘ಲೋ, ಎಲ್ಲಿದ್ದೀಯಾ? ಬಸ್‌ಸ್ಟ್ಯಾಂಡಲ್ಲಿ ನಿಂತಿವ್ನಿ, ಪೆಟ್ಟಿಗೆ ತಂದಿವ್ನಿ.’ ಕೆ.ಆರ್.ಪೇಟೆಯ ಗೆಳೆಯ ಪಾಂಡವಪುರಕ್ಕೆ ಬಂದಿಳಿದಿದ್ದ. ಅವನು ಬರಬಾರದು ಎಂದು ಶನಿವಾರ ರಾತ್ರಿಯೇ ತೀರ್ಮಾನವಾಗಿತ್ತು. ಅದನ್ನು ಬರೆದು ಕಳಿಸಿದವನೂ ನಾನೇ.

ನಮ್ಮದು ನಾಲ್ವರ ಮಿನಿ ಪ್ರಾಜೆಕ್ಟ್. ಕಬ್ಬಿನ ಗದ್ದೆಯ ಮಣ್ಣಿನಲ್ಲಿ ತೇವ ಎಷ್ಟಿದೆ ಎಂದು ಅಳೆಯುವ ಸೆನ್ಸರ್ ಮಾಡಿ, ಅದನ್ನು ನಮ್ಮ ಚಿಕ್ಕಪ್ಪನ ಗದ್ದೆಯಲ್ಲಿ ಹೂಳಬೇಕಿತ್ತು. ಶನಿವಾರ ಒಂದು ಗಂಟೆಗೂ ಹೆಚ್ಚು ಕಾಲ ಕಾಲ್‌ನಲ್ಲಿ ಮಾತಾಡಿದೆವು. ವಿಶ್ವೇಶ್ವರಯ್ಯ ನಾಲೆಯಲ್ಲಿ ನಮ್ಮ ಕಡೆಗೆ ಕಟ್ಟು ನೀರು ಬಿಡುವ ಸಮಯವದು. ಗದ್ದೆ ತುಂಬಾ ನೀರಿದ್ದಾಗ ಎಲ್ಲ ಸೆನ್ಸರೂ ಒಂದೇ ಅಳತೆ ತೋರಿಸುತ್ತವೆ. ಆದ್ದರಿಂದ ಸೋಮವಾರ ಹೂಳುವುದು ಬೇಡ ಎಂದಾಯಿತು. ನೆಟ್‌ವರ್ಕ್ ಹೋಗಿ ಕೆ.ಆರ್.ಪೇಟೆಯವನು ಅರ್ಧದಲ್ಲೇ ಕಾಲ್‌ನಿಂದ ಹೊರಬಿದ್ದಿದ್ದ.

ನಾನು ಒಂದೂವರೆ ಪುಟದ ಸಾರಾಂಶ ಬರೆದು ಮೇಲ್ ಮಾಡಿದೆ. ತೀರ್ಮಾನವನ್ನೇ ಶೀರ್ಷಿಕೆಯಲ್ಲಿ ಹಾಕಿದ್ದೆ: ‘ಸೋಮವಾರ ಚಿಕ್ಕಪ್ಪನ ಗದ್ದೆಯಲ್ಲಿ ತೇವಾಂಶದ ಸೆನ್ಸರ್ ಹೂಳುವುದು ಬೇಡ’. ಅವನ ಮೊಬೈಲಿನಲ್ಲಿ ಕಂಡದ್ದು ‘ಸೋಮವಾರ ಚಿಕ್ಕಪ್ಪನ ಗದ್ದೆಯಲ್ಲಿ ತೇವಾಂಶದ...’ ಇಷ್ಟೇ. ಒಳಗಿನ ಪುಟ ಓದದೆ ಹೊರಟು ಬಂದಿದ್ದ. ಅಂದು ಅವರ ಮನೆಯಲ್ಲಿ ಕಬ್ಬಿನ ಲೋಡು. ಅಪ್ಪನನ್ನು ಆಳುಗಳ ಜೊತೆ ಒಬ್ಬರನ್ನೇ ಬಿಟ್ಟು ಬಂದಿದ್ದ.

ತಪ್ಪು ಅವನದಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಬೇಡ’, ‘ಇಲ್ಲ’, ‘ಆಗದು’ ಎಲ್ಲವೂ ಅಲ್ಲೇ. ಮೊಬೈಲ್ ಪರದೆ ಕತ್ತರಿಸುವುದೂ ಆ ಕೊನೆಯನ್ನೇ. ಆದ್ದರಿಂದ ಶೀರ್ಷಿಕೆಯಲ್ಲಿ ತೀರ್ಮಾನದ ಪದವನ್ನು ಮುಂದಕ್ಕೆ ತಂದು, ಮುಂದೆ ಎರಡು ಚುಕ್ಕಿ ಇಡಬೇಕು: ‘ರದ್ದು: ಸೋಮವಾರದ ಸೆನ್ಸರ್ ಕೆಲಸ’. ಬಾಲ ಕತ್ತರಿಸಿ ಹೋದರೂ ‘ರದ್ದು’ ಉಳಿಯುತ್ತದೆ. ‘ಮುಂದೂಡಿಕೆ’, ‘ಒಪ್ಪಿಗೆ’, ‘ಬಾಕಿ’ ಎಂಬ ಪದಗಳನ್ನೂ ಹೀಗೆ ಬಳಸಬಹುದು. ‘ಶನಿವಾರದ ಚರ್ಚೆ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಆಮೇಲೆ ಆ ಒಂದೂವರೆ ಪುಟವನ್ನು ಮೂರು ವಾಕ್ಯಕ್ಕೆ ಇಳಿಸಲು ಕೂತೆ. ಪ್ರತಿ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ: ಇದು ಬರೀ ಮಾತೋ, ತೀರ್ಮಾನವೋ, ಬಾಕಿಯೋ? ‘ಈ ಕಾಲ್‌ನಿಂದಾಗಿ ನಾಳೆ ಯಾರು ಏನನ್ನು ಬೇರೆ ರೀತಿ ಮಾಡಬೇಕು?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಸಾಲು ಮಾತ್ರ ತೀರ್ಮಾನ. ಅಂಥವು ಮೂರೇ ಇದ್ದವು. ಬ್ಯಾಟರಿ, ಡಬ್ಬಿಯ ಬಣ್ಣ, ವರದಿಯ ಮುಖಪುಟ ಎಲ್ಲವೂ ಬರೀ ಮಾತು.

ಮೊದಲ ಪ್ರಯತ್ನದಲ್ಲಿ ‘ಸೆನ್ಸರ್ ಶುಕ್ರವಾರ ಹೂಳುತ್ತೇವೆ’ ಎಂದು ಬರೆದೆ. ಚಿಕ್ಕದಾಗಿತ್ತು, ಆದರೆ ಸುಳ್ಳಾಗಿತ್ತು. ನಾವು ಒಪ್ಪಿದ್ದು ನೀರು ನಿಂತು ನಾಲ್ಕು ದಿನವಾದ ಮೇಲೆ ಎಂದು. ಶುಕ್ರವಾರ ಬರೀ ಅಂದಾಜು. ಚಿಕ್ಕದು ಮಾಡುವಾಗ ಮೊದಲು ಕಳೆದುಹೋಗುವುದು ಇಂಥ ಷರತ್ತೇ. ದಿನಾಂಕ ಹಿಡಿದು ಬರೆಯುವುದು ಸುಲಭ, ಷರತ್ತಿಗೆ ಜಾಗ ಬೇಕು. ‘ಆದರೆ’, ‘ಮಾತ್ರ’, ‘ಆದ ಮೇಲೆ’ ಎಂಬ ಪದಗಳಿರುವ ಸಾಲನ್ನು ಈಗ ನಾನು ಕೊನೆಗೆ ಮುಟ್ಟುತ್ತೇನೆ.

ಎರಡನೇ ಕರಡನ್ನು ಕಾಲ್‌ನಲ್ಲಿ ಇಲ್ಲದ ತಂಗಿಗೆ ಓದಿಸಿದೆ. ‘ಅಣ್ಣ, ನೀರು ನಿಂತಿದ್ದು ಅವರಿಗೆ ಯಾರು ಹೇಳ್ತಾರೆ?’ ಎಂದಳು. ‘ತಿಳಿಸಲಾಗುವುದು’ ಎಂದು ಬರೆದಿದ್ದೆ, ಯಾರು ಎಂದು ಬರೆದಿರಲಿಲ್ಲ. ಕೊನೆಗೆ ಉಳಿದದ್ದು ಇದು:

‘ಸೋಮವಾರ ಸೆನ್ಸರ್ ಹೂಳುವುದಿಲ್ಲ, ನಾಲೆ ನೀರು ನಿಂತು ನಾಲ್ಕು ದಿನವಾದ ಮೇಲೆ ಮಾತ್ರ ಹೂಳುತ್ತೇವೆ. ನೀರು ನಿಂತ ದಿನ ನಾನು ಎಲ್ಲರಿಗೂ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಪೆಟ್ಟಿಗೆ ಕೆ.ಆರ್.ಪೇಟೆಯಲ್ಲೇ ಇರಲಿ. ಸೆನ್ಸರಿನ ಕಡ್ಡಿ ಬದಲಿಸಬೇಕೇ ಎಂಬುದು ತೀರ್ಮಾನವಾಗಿಲ್ಲ, ಗೈಡ್ ಸರ್ ಹೇಳಬೇಕು.’

ಮೊದಲನೆಯದು ತೀರ್ಮಾನ ಮತ್ತು ಅದರ ಷರತ್ತು, ಎರಡನೆಯದು ಯಾರ ಕೆಲಸ ಏನು, ಮೂರನೆಯದು ಬಾಕಿ ಉಳಿದದ್ದು. ಮೂರನೆಯದನ್ನು ಬಿಟ್ಟಿದ್ದರೆ ಕಡ್ಡಿಯ ಮಾತೂ ತೀರ್ಮಾನವಾಯಿತೆಂದು ಯಾರಾದರೂ ಹೊಸದನ್ನು ಕೊಂಡುಬಿಡುತ್ತಿದ್ದರು. ಒಂದೂವರೆ ಪುಟವನ್ನು ಎಸೆಯಲಿಲ್ಲ. ‘ಯಾಕೆ’ ಎಂದು ಕೇಳುವವರಿಗೆ ಬೇಕಾಗುತ್ತದೆಂದು ಈ ಮೂರು ವಾಕ್ಯದ ಕೆಳಗೇ ಇಟ್ಟೆ.

ನಾಲೆ ಆ ಸಲ ನಾವೆಣಿಸಿದ್ದಕ್ಕಿಂತ ಎರಡು ದಿನ ಹೆಚ್ಚು ಹರಿಯಿತು. ಶುಕ್ರವಾರ ಯಾರೂ ಬರಲಿಲ್ಲ. ಭಾನುವಾರ ನಾಲ್ವರೂ ಗದ್ದೆಯ ಬದುವಿನ ಮೇಲಿದ್ದೆವು. ಕೆ.ಆರ್.ಪೇಟೆಯವನು ಪೆಟ್ಟಿಗೆ ಇಳಿಸುತ್ತಾ, ‘ಇವತ್ತು ಬೇಡ ಅಂತ ಎಲ್ಲಾದ್ರೂ ಬರ್ದಿದ್ಯೇನೋ?’ ಅಂದ.